ಐದು ರೀಡಿಂಗು, ಐದು ಸಂಗಮ ದೂರ

ವಿಜ್ಞಾನ ತೆಗೆದುಕೊಂಡು ಪಿಯುಸಿ ಓದಿದವರಿಗೆ ಪೀನ ಮಸೂರದ ಪ್ರಯೋಗ ನೆನಪಿರುತ್ತದೆ. ಉದ್ದನೆಯ ಆಪ್ಟಿಕಲ್ ಬೆಂಚು, ಅದರ ಮೇಲೆ ಹಿಂದೆ ಮುಂದೆ ಸರಿಯುವ ಮೂರು ಸ್ಟ್ಯಾಂಡುಗಳು. ನಡುವಿನದರಲ್ಲಿ ಮಸೂರ, ಆಚೆ ಈಚೆ ಒಂದೊಂದು ಸೂಜಿ. ಒಂದು ಸೂಜಿ ವಸ್ತು. ಅದರ ತಲೆಕೆಳಗಾದ ಬಿಂಬ ಮಸೂರದ ಇನ್ನೊಂದು ಬದಿಯಲ್ಲಿ ಎಲ್ಲಿ ಮೂಡುತ್ತದೆ ಎಂದು ಎರಡನೆಯ ಸೂಜಿಯಿಂದ ಹುಡುಕಬೇಕು. ವಸ್ತು ಮಸೂರದಿಂದ ಎಷ್ಟು ದೂರ, ಬಿಂಬ ಎಷ್ಟು ದೂರ ಎಂದು ಅಳೆದು ಸೂತ್ರಕ್ಕೆ ಹಾಕಿದರೆ ಸಂಗಮ ದೂರ ಸಿಗುತ್ತದೆ. ವಸ್ತುವಿನ ಜಾಗ ಬದಲಿಸಿ ಇದನ್ನೇ ಐದಾರು ಸಲ ಮಾಡಬೇಕು.

ಮಸೂರ ಒಂದೇ. ಅದರ ಗಾಜು, ಅದರ ಉಬ್ಬು ಯಾವುದೂ ಬದಲಾಗಿಲ್ಲ. ಆದರೂ ಐದು ಸಲ ಅಳೆದರೆ ಐದು ಬೇರೆ ಉತ್ತರ ಬರುತ್ತದೆ. ಬಹಳ ಮಂದಿ ಅವುಗಳ ಸರಾಸರಿ ತೆಗೆದು ರೆಕಾರ್ಡ್ ಪುಸ್ತಕ ಮುಚ್ಚುತ್ತಾರೆ. ಕೆಲವರು 15.0 ಬರಬೇಕೆಂದು ಮೊದಲೇ ತಿಳಿದುಕೊಂಡು ಬಿಂಬ ದೂರವನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆದುಬಿಡುತ್ತಾರೆ. ಇಬ್ಬರೂ ಆ ಪಟ್ಟಿಯೊಳಗೆ ಇದ್ದ ಸುದ್ದಿಯನ್ನು ಓದದೆ ಬಿಟ್ಟಂತಾಯಿತು. ಉತ್ತರಗಳು ಎಷ್ಟು ಹರಡಿವೆ, ಯಾವ ಕ್ರಮದಲ್ಲಿ ಹರಡಿವೆ ಎಂಬುದನ್ನು ನೋಡಿದರೆ ಬೆಂಚಿನಲ್ಲಿ ಏನು ತಪ್ಪಾಗಿದೆ ಎಂದು ಹೇಳಲು ಸಾಧ್ಯ. ಅದನ್ನು ತೋರಿಸಲು ಲೆಕ್ಕಕ್ಕೆಂದೇ ಸಿದ್ಧಪಡಿಸಿದ ಒಂದು ಪಟ್ಟಿ ಇಲ್ಲಿದೆ. ಮಸೂರದ ಸಂಗಮ ದೂರ 15 ಸೆಂಟಿಮೀಟರ್, ವ್ಯಾಸ 5 ಸೆಂಟಿಮೀಟರ್ ಎಂದುಕೊಳ್ಳೋಣ. ಎಲ್ಲ ಅಳತೆಗಳೂ ಸೆಂಟಿಮೀಟರಿನಲ್ಲಿವೆ.

| ವಸ್ತು ದೂರ | ಬಿಂಬ ದೂರ | ಸಂಗಮ ದೂರ |
|---|---|---|
| 19.6 | 60.8 | 14.82 |
| 23.6 | 40.2 | 14.87 |
| 29.6 | 30.6 | 15.05 |
| 39.6 | 24.3 | 15.06 |
| 59.6 | 20.5 | 15.25 |

ಸರಾಸರಿ 15.01. ನೋಡಲು ಚೆನ್ನಾಗಿದೆ. ಆದರೆ ಅತಿ ಚಿಕ್ಕ ಉತ್ತರಕ್ಕೂ ಅತಿ ದೊಡ್ಡದಕ್ಕೂ 4 ಮಿಲಿಮೀಟರಿಗಿಂತ ಹೆಚ್ಚು ಅಂತರವಿದೆ. ಈ ಅಂತರ ಎಲ್ಲಿಂದ ಬಂತು?

ಅದಕ್ಕೆ ಮೊದಲು ಚಿಹ್ನೆಯ ವಿಷಯ ಮುಗಿಸಿಕೊಳ್ಳಬೇಕು. ಮೂರನೆಯ ಸಾಲನ್ನು ಲೆಕ್ಕ ಹಾಕುವಾಗ ಅನೇಕರು ಎಡವುವುದು ಅಲ್ಲೇ. ನಮ್ಮ ಪಠ್ಯಪುಸ್ತಕಗಳಲ್ಲಿರುವುದು ಹೊಸ ಕಾರ್ಟೀಸಿಯನ್ ಚಿಹ್ನಾ ಪದ್ಧತಿ. ಮಸೂರದ ನಡುಬಿಂದುವೇ ಸೊನ್ನೆ. ಬೆಳಕು ಸಾಗುವ ದಿಕ್ಕಿನಲ್ಲಿ ಅಳೆದ ದೂರ ಧನ, ಅದಕ್ಕೆ ಎದುರು ದಿಕ್ಕಿನಲ್ಲಿ ಅಳೆದದ್ದು ಋಣ. ವಸ್ತುವನ್ನು ಎಡಗಡೆ ಇಟ್ಟರೆ ಬೆಳಕು ಎಡದಿಂದ ಬಲಕ್ಕೆ ಹೋಗುತ್ತದೆ, ಆದ್ದರಿಂದ ವಸ್ತು ದೂರ u ಯಾವಾಗಲೂ ಋಣ. ಬಲಗಡೆ ಮೂಡುವ ಸತ್ಯ ಬಿಂಬದ ದೂರ v ಧನ. ಸೂತ್ರ ಹೀಗಿದೆ:

1/v − 1/u = 1/f

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಪದ್ಧತಿ ಇದೆ. ಸತ್ಯವಾದದ್ದೆಲ್ಲ ಧನ, ಮಿಥ್ಯವಾದದ್ದೆಲ್ಲ ಋಣ ಎನ್ನುವ ಪದ್ಧತಿ ಅದು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಕಾಣಬಹುದು. ಅಲ್ಲಿ ಸೂತ್ರ 1/u + 1/v = 1/f. ವಸ್ತು ದೂರವೂ ಧನ, ಬಿಂಬ ದೂರವೂ ಧನ, ಎರಡನ್ನೂ ಕೂಡಿಸುವುದು. ಎರಡು ಪದ್ಧತಿಯಲ್ಲೂ ಉತ್ತರ ಒಂದೇ, ಏಕೆಂದರೆ ಮೊದಲನೆಯ ಸೂತ್ರದ ಕಳೆಯುವ ಚಿಹ್ನೆ ಮತ್ತು u ದ ಋಣ ಚಿಹ್ನೆ ಸೇರಿ ಕೂಡಿಸುವುದಾಗುತ್ತದೆ. ತಾಪತ್ರಯ ಆಗುವುದು ಒಂದರ ಸೂತ್ರಕ್ಕೆ ಇನ್ನೊಂದರ ಚಿಹ್ನೆ ಹಾಕಿದಾಗ. ಸ್ಕೇಲಿನಲ್ಲಿ ಓದಿದ 19.6 ಅನ್ನು ಹಾಗೇ ಧನವಾಗಿ ಮೊದಲ ಸೂತ್ರಕ್ಕೆ ಹಾಕಿದರೆ ಸಂಗಮ ದೂರ −28.9 ಎಂದು ಬರುತ್ತದೆ.

ಇದೇ ತಪ್ಪನ್ನು ಐದು ಸಾಲಿಗೂ ಮಾಡಿದರೆ ಉತ್ತರಗಳು ಹೀಗೆ ಸಾಲುಗಟ್ಟುತ್ತವೆ: −28.9, −57.2, −905.8, 62.9, 31.2. ಮೂರನೆಯದು ಒಂಬತ್ತು ಮೀಟರ್! ಕೈಯಲ್ಲಿ ಹಿಡಿದ ಮಸೂರ ಅದು, ಕಿಟಕಿಯ ಆಚೆಯ ಮರವನ್ನು ಅಂಗೈ ಅಗಲ ದೂರದ ಕಾಗದದ ಮೇಲೆ ಮೂಡಿಸುತ್ತಿದೆ. ಒಂಬತ್ತು ಮೀಟರ್ ಬಂದದ್ದೇಕೆ ಎಂದರೆ, ವಸ್ತು ಮತ್ತು ಬಿಂಬ ಎರಡೂ ಸುಮಾರು 30 ಸೆಂಟಿಮೀಟರ್ ದೂರದಲ್ಲಿದ್ದಾಗ ಬಹುತೇಕ ಸಮವಾದ ಎರಡು ಸಂಖ್ಯೆಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದಂತಾಗಿ ಸೊನ್ನೆಯ ಹತ್ತಿರದ್ದೇನೋ ಉಳಿಯುತ್ತದೆ. ಅದರ ವ್ಯುತ್ಕ್ರಮ ಬೃಹತ್ತಾಗುತ್ತದೆ. ಜೊತೆಗೆ ಪಟ್ಟಿಯ ಮಧ್ಯದಲ್ಲಿ ಉತ್ತರ ಋಣದಿಂದ ಧನಕ್ಕೆ ಹಾರಿದೆ. ಅಂದರೆ ಅದೇ ಗಾಜು ಮೂರು ಸಲ ಬೆಳಕನ್ನು ಚದುರಿಸಿತು, ಎರಡು ಸಲ ಒಟ್ಟುಗೂಡಿಸಿತು ಎಂದಂತಾಯಿತು. ಹೀಗೆ ಉತ್ತರಗಳು ನೂರಾರು ಸೆಂಟಿಮೀಟರ್ ಹರಡಿ, ನಡುವೆ ಚಿಹ್ನೆಯೂ ಬದಲಾದರೆ ಮತ್ತೆ ಬೆಂಚಿಗೆ ಹೋಗಿ ಅಳೆಯಬೇಕಾಗಿಲ್ಲ. ಅಳತೆ ಸರಿಯಾಗಿಯೇ ಇದೆ, ಲೆಕ್ಕದಲ್ಲಿ ಋಣ ಚಿಹ್ನೆ ಬಿಟ್ಟುಹೋಗಿದೆ.

ಹಾಗಾದರೆ ಈ ಋಣ ಚಿಹ್ನೆಯ ಗೊಡವೆಯೇ ಬೇಡ, ಎಲ್ಲವನ್ನೂ ಧನವಾಗಿ ತೆಗೆದುಕೊಂಡು ಕೂಡಿಸಿಬಿಡೋಣ ಎಂದು ಅನ್ನಿಸಬಹುದು. ಈ ಪ್ರಯೋಗಕ್ಕೆ ಮಾತ್ರವಾದರೆ ಸಾಕು. ಆದರೆ ಅದೇ ಮಸೂರವನ್ನು ಭೂತಗನ್ನಡಿಯಾಗಿ ಬಳಸಿ, ವಸ್ತುವನ್ನು 10 ಸೆಂಟಿಮೀಟರ್ ಹತ್ತಿರಕ್ಕೆ ತನ್ನಿ. ಕಾರ್ಟೀಸಿಯನ್ ಸೂತ್ರದಲ್ಲಿ u = −10, f = +15 ಎಂದು ಹಾಕಿದರೆ v = −30 ಬರುತ್ತದೆ. ಆ ಋಣ ಚಿಹ್ನೆ ಬಿಂಬ ವಸ್ತುವಿರುವ ಕಡೆಗೇ, ಅದಕ್ಕಿಂತ ಹಿಂದೆ ಇದೆ ಎಂದು ತಾನಾಗಿ ಹೇಳುತ್ತದೆ. ಆಚೆ ಬದಿಯಲ್ಲಿ ಸೂಜಿ ಇಟ್ಟುಕೊಂಡು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ನಿಮ್ನ ಮಸೂರಕ್ಕೂ ಇದೇ ಸೂತ್ರ, f ಋಣವಾಗುತ್ತದೆ ಅಷ್ಟೆ. ಯಾವ ದೂರ ಯಾವ ದಿಕ್ಕಿನದು ಎಂಬುದನ್ನು ಚಿಹ್ನೆಯೇ ಹೊತ್ತುಕೊಂಡು ಹೋಗುವುದರಿಂದ ಪ್ರತಿ ಸಂದರ್ಭಕ್ಕೂ ಬೇರೆ ಸೂತ್ರ ಬೇಕಾಗುವುದಿಲ್ಲ.

ಈಗ ಬೆಂಚಿಗೆ ಬರೋಣ. ಬಿಂಬದ ಜಾಗ ಹುಡುಕುವುದು ಪ್ಯಾರಲಾಕ್ಸ್ ವಿಧಾನದಲ್ಲಿ. ಎರಡನೆಯ ಸೂಜಿಯ ಹಿಂದೆ ಸುಮಾರು ಒಂದಡಿ ದೂರದಲ್ಲಿ ಒಂದು ಕಣ್ಣು ಮುಚ್ಚಿ ನೋಡಿದರೆ ಮಸೂರದೊಳಗೆ ಮೊದಲ ಸೂಜಿ ತಲೆಕೆಳಗಾಗಿ ಇಳಿದು ಬಂದಂತೆ ಕಾಣುತ್ತದೆ. ಅದರ ತುದಿಯೂ ನಿಂತಿರುವ ಸೂಜಿಯ ತುದಿಯೂ ಮುಟ್ಟುವಂತೆ ಎತ್ತರ ಹೊಂದಿಸಿ, ತಲೆಯನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಬೇಕು. ಎರಡೂ ಒಂದೇ ಜಾಗದಲ್ಲಿದ್ದರೆ ತುದಿಗಳು ಅಂಟಿಕೊಂಡೇ ಇರುತ್ತವೆ. ಬೇರೆ ಬೇರೆ ಜಾಗದಲ್ಲಿದ್ದರೆ ಬಿಡಿಸಿಕೊಳ್ಳುತ್ತವೆ. ತಲೆ ಹೋದ ಕಡೆಗೇ ಸರಿಯುವುದು ಕಣ್ಣಿಗೆ ದೂರದ್ದು, ವಿರುದ್ಧ ದಿಕ್ಕಿಗೆ ಸರಿಯುವುದು ಹತ್ತಿರದ್ದು. ಬಿಂಬ ತಲೆಯ ಜೊತೆಗೇ ಬಂದರೆ ಅದು ಸೂಜಿಗಿಂತ ಹಿಂದಿದೆ, ಸೂಜಿಯನ್ನು ಮಸೂರದ ಕಡೆಗೆ ತಳ್ಳಬೇಕು.

ಈ ಕೆಲಸದಲ್ಲಿ ಕಣ್ಣಿಗೆ ಒಂದು ಮಿತಿ ಇದೆ. ಮಸೂರದಿಂದ ಹೊರಟ ಬೆಳಕು ಶಂಕುವಿನಂತೆ ಕಿರಿದಾಗುತ್ತಾ ಬಿಂಬದಲ್ಲಿ ಕೂಡಿ, ಮತ್ತೆ ಅಷ್ಟೇ ಕೋನದಲ್ಲಿ ಹರಡುತ್ತದೆ. ತಲೆ ಆಡಿಸಲು ಅವಕಾಶ ಇರುವುದು ಆ ಹರಡಿದ ಶಂಕುವಿನೊಳಗೆ ಮಾತ್ರ. ಅದರಾಚೆ ಹೋದರೆ ಬಿಂಬವೇ ಮಾಯ. ಬಿಂಬ 60 ಸೆಂಟಿಮೀಟರ್ ದೂರದಲ್ಲಿದ್ದಾಗ 5 ಸೆಂಟಿಮೀಟರ್ ವ್ಯಾಸದ ಮಸೂರ ಕೊಡುವ ಶಂಕು ತೀರ ಸಪೂರ. ತಲೆಯನ್ನು ಎರಡೂವರೆ ಸೆಂಟಿಮೀಟರಿನಷ್ಟು ಆಡಿಸಿದರೆ ಮುಗಿಯಿತು. ತುದಿಗಳು ಅರ್ಧ ಮಿಲಿಮೀಟರಿನ ಆಸುಪಾಸು ಸರಿದರೆ ಮಾತ್ರ ನಮಗೆ ತಿಳಿಯುತ್ತದೆ ಎಂದು ಇಟ್ಟುಕೊಂಡರೆ, ಸೂಜಿಯನ್ನು ಸುಮಾರು ಅರ್ಧ ಸೆಂಟಿಮೀಟರ್ ಹಿಂದೆ ಮುಂದೆ ಮಾಡಿದರೂ ವ್ಯತ್ಯಾಸ ಕಾಣುವುದಿಲ್ಲ. ಬಿಂಬ 20 ಸೆಂಟಿಮೀಟರಿನಲ್ಲಿದ್ದಾಗ ಶಂಕು ಅಗಲ. ಒಂದೂವರೆ ಮಿಲಿಮೀಟರಿನ ತಪ್ಪೂ ಕಣ್ಣಿಗೆ ಬೀಳುತ್ತದೆ.

ಹಾಗಿದ್ದರೆ ದೂರದ ಬಿಂಬದಿಂದ ಬಂದ ಉತ್ತರ ಹೆಚ್ಚು ಕೆಟ್ಟಿರಬೇಕಲ್ಲವೇ? ಇಲ್ಲ. ಬಿಂಬ ದೂರದಲ್ಲಿ ಆದ ತಪ್ಪು ಸಂಗಮ ದೂರಕ್ಕೆ ಹಾಗೇ ದಾಟುವುದಿಲ್ಲ. ಅದು (f/v) ಯ ವರ್ಗದಷ್ಟು ಕುಗ್ಗಿ ದಾಟುತ್ತದೆ. ಬಿಂಬ 60 ರಲ್ಲಿದ್ದಾಗ f/v ಎಂದರೆ ಕಾಲು, ಅದರ ವರ್ಗ ಹದಿನಾರರಲ್ಲಿ ಒಂದು. ಅರ್ಧ ಸೆಂಟಿಮೀಟರಿನ ತಪ್ಪು ಉತ್ತರದಲ್ಲಿ 0.03 ಸೆಂಟಿಮೀಟರ್ ಮಾತ್ರ. ಬಿಂಬ 20 ರಲ್ಲಿದ್ದಾಗ f/v ಮುಕ್ಕಾಲು, ವರ್ಗ ಹದಿನಾರರಲ್ಲಿ ಒಂಬತ್ತು. ಒಂದೂವರೆ ಮಿಲಿಮೀಟರಿನ ಚಿಕ್ಕ ತಪ್ಪು ಉತ್ತರದಲ್ಲಿ 0.08 ಸೆಂಟಿಮೀಟರಿನಷ್ಟಾಗುತ್ತದೆ. ಸೂಜಿ ಎಲ್ಲಿಟ್ಟರೂ ಸರಿ ಎನಿಸುವಂಥ ಜಾಗದ ರೀಡಿಂಗೇ ಹೆಚ್ಚು ಭದ್ರ ಎಂಬುದು ಮೊದಲ ಸಲ ಕೇಳಿದವರಿಗೆ ನಂಬಲು ಕಷ್ಟ, ಆದರೆ ಲೆಕ್ಕ ಹಾಗೇ ಇದೆ.

ಕಣ್ಣಿನಿಂದ ಆಗುವ ತಪ್ಪು ಒಂದು ಸಲ ಹೆಚ್ಚಾಗಬಹುದು, ಇನ್ನೊಂದು ಸಲ ಕಡಿಮೆಯಾಗಬಹುದು. ಆ ಹೊಯ್ದಾಟದ ಗಾತ್ರ 0.03 ರಿಂದ 0.08 ಸೆಂಟಿಮೀಟರ್ ಎಂದು ಈಗ ಗೊತ್ತಾಯಿತು. ನಮ್ಮ ಪಟ್ಟಿಯಲ್ಲಿರುವ ಅಂತರ 0.43 ಸೆಂಟಿಮೀಟರ್. ಇಷ್ಟನ್ನು ಕಣ್ಣಿನ ಮೇಲೆ ಹೊರಿಸಲು ಬರುವುದಿಲ್ಲ.

ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ಓದಿ. ವಸ್ತು ದೂರ ಹೆಚ್ಚಿದಂತೆ ಸಂಗಮ ದೂರವೂ ಒಂದೇ ಸಮನೆ ಏರಿದೆ. ಐದು ಸಂಖ್ಯೆಗಳನ್ನು ಜೋಡಿಸಲು 120 ಬಗೆಗಳಿವೆ, ಅವುಗಳಲ್ಲಿ ಒಂದೇ ಒಂದು ಏರುಕ್ರಮ. ಕಣ್ಣಿನ ತಪ್ಪು ಮಾತ್ರವೇ ಇದ್ದಿದ್ದರೆ ಉತ್ತರಗಳು ಹೀಗೆ ಶಿಸ್ತಾಗಿ ಮೆಟ್ಟಿಲು ಹತ್ತುವುದು ಅಪರೂಪ. ಮೆಟ್ಟಿಲು ಕಂಡರೆ ಬೆಂಚಿನಲ್ಲಿ ಯಾವುದೋ ಒಂದು ವಸ್ತು ತನ್ನ ಜಾಗದಲ್ಲಿಲ್ಲ ಎಂದರ್ಥ.

ಇಲ್ಲಿ ಆ ವಸ್ತು ಮಸೂರವೇ. ಬೆಂಚಿನ ಸ್ಕೇಲಿನ ಮೇಲೆ ನಾವು ಓದುವುದು ಸ್ಟ್ಯಾಂಡಿನ ಬುಡದಲ್ಲಿರುವ ಗುರುತನ್ನು. ಮಸೂರದ ನಡುಬಿಂದು ಆ ಗುರುತಿನ ನೇರಕ್ಕೆ ಇದೆ ಎಂದು ನಂಬಿಕೊಂಡಿರುತ್ತೇವೆ. ಕಂಬಿ ಸ್ವಲ್ಪ ವಾಲಿದ್ದರೆ, ಹಿಡಿಕೆ ಒಂದು ಬದಿಗೆ ಚಾಚಿಕೊಂಡಿದ್ದರೆ ಇಲ್ಲ. ನಮ್ಮ ಪಟ್ಟಿಯಲ್ಲಿ ಗುರುತು ಮಸೂರದ ನಿಜವಾದ ಜಾಗಕ್ಕಿಂತ 4 ಮಿಲಿಮೀಟರ್ ವಸ್ತುವಿನ ಕಡೆಗಿದೆ. ಹಾಗಾಗಿ ಪ್ರತಿ ವಸ್ತು ದೂರವೂ 0.4 ಸೆಂಟಿಮೀಟರ್ ಕಡಿಮೆ ದಾಖಲಾಗಿದೆ, ಪ್ರತಿ ಬಿಂಬ ದೂರವೂ ಅಷ್ಟೇ ಹೆಚ್ಚು ದಾಖಲಾಗಿದೆ. ವಸ್ತು ಹತ್ತಿರ, ಬಿಂಬ ದೂರ ಇದ್ದಾಗ ವಸ್ತು ದೂರದ ತಪ್ಪೇ ಮೇಲುಗೈ ಪಡೆದು ಉತ್ತರವನ್ನು 0.2 ರಷ್ಟು ಇಳಿಸುತ್ತದೆ. ವಸ್ತು ದೂರ, ಬಿಂಬ ಹತ್ತಿರ ಇದ್ದಾಗ ಬಿಂಬ ದೂರದ ತಪ್ಪು ಮೇಲುಗೈ ಪಡೆದು 0.2 ರಷ್ಟು ಏರಿಸುತ್ತದೆ. ಎರಡೂ 30 ಸೆಂಟಿಮೀಟರಿನಲ್ಲಿದ್ದಾಗ ಎರಡು ತಪ್ಪುಗಳೂ ಒಂದನ್ನೊಂದು ಹೊಡೆದುಹಾಕುತ್ತವೆ. ಮೆಟ್ಟಿಲು ಮೂಡಿದ್ದು ಹೀಗೆ.

ಸರಾಸರಿ 15.01 ಎಂದು ಚೆನ್ನಾಗಿ ಬಂದದ್ದಕ್ಕೂ ಇದೇ ಕಾರಣ. ಪಟ್ಟಿಯಲ್ಲಿ 30 ರ ಆ ಕಡೆ ಎರಡು, ಈ ಕಡೆ ಎರಡು ಸಮನಾಗಿ ಇದ್ದವು. ವಸ್ತುವನ್ನು ದೂರದಲ್ಲಿಟ್ಟರೆ ಬಿಂಬ ಚಿಕ್ಕದಾಗಿ, ಚುರುಕಾಗಿ, ಹತ್ತಿರದಲ್ಲೇ ಸಿಗುತ್ತದೆಂದು ಆ ಕಡೆಯ ರೀಡಿಂಗುಗಳನ್ನೇ ತೆಗೆದುಕೊಂಡಿದ್ದರೆ, ಅಂದರೆ ಪಟ್ಟಿಯ ಕೊನೆಯ ಮೂರು ಸಾಲುಗಳಷ್ಟೇ ಇದ್ದಿದ್ದರೆ, ಸರಾಸರಿ 15.12 ಆಗುತ್ತಿತ್ತು. ಅದೇ ಕಡೆ ಇನ್ನೂ ಐವತ್ತು ರೀಡಿಂಗು ತೆಗೆದರೂ ಅದು 15 ಕ್ಕೆ ಇಳಿಯುವುದಿಲ್ಲ. ಕಣ್ಣಿನ ಹೊಯ್ದಾಟವನ್ನು ಸರಾಸರಿ ತಗ್ಗಿಸಬಲ್ಲದು, ವಾಲಿದ ಕಂಬಿಯನ್ನು ನೆಟ್ಟಗೆ ಮಾಡಲಾರದು.

ತಪ್ಪು ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಲು ಲ್ಯಾಬಿನಲ್ಲಿ ಇಂಡೆಕ್ಸ್ ಕರೆಕ್ಷನ್ ಎಂಬ ಕ್ರಮವಿದೆ. ಉದ್ದ ಗೊತ್ತಿರುವ ಒಂದು ಹೆಣಿಗೆ ಕಡ್ಡಿ ಬೇಕು. ಕಡ್ಡಿ 20.0 ಸೆಂಟಿಮೀಟರ್ ಎಂದಿರಲಿ. ಅದರ ಒಂದು ತುದಿ ಸೂಜಿಯ ತುದಿಯನ್ನೂ ಇನ್ನೊಂದು ತುದಿ ಮಸೂರದ ನಡು ಉಬ್ಬನ್ನೂ ಮುಟ್ಟುವಂತೆ ಸ್ಟ್ಯಾಂಡುಗಳನ್ನು ಸರಿಸಬೇಕು. ಮಸೂರದ ದಪ್ಪ 0.6 ಇದ್ದರೆ ಅದರ ಅರ್ಧ 0.3 ಸೇರಿಸಿ, ಸೂಜಿಗೂ ಮಸೂರದ ನಡುಬಿಂದುವಿಗೂ ಇರುವ ನಿಜ ದೂರ 20.3. ಈ ಅರ್ಧ ದಪ್ಪವನ್ನು ಸೇರಿಸಲು ಮರೆಯುವವರೇ ಹೆಚ್ಚು. ಬೆಂಚಿನ ಸ್ಕೇಲು 19.9 ಎಂದು ತೋರಿಸಿದರೆ ವಸ್ತು ದೂರಕ್ಕೆಲ್ಲ 0.4 ಕೂಡಿಸಬೇಕು. ಇನ್ನೊಂದು ಬದಿಯಲ್ಲೂ ಕಡ್ಡಿ ಹಿಡಿದಾಗ ಸ್ಕೇಲು 20.7 ಎಂದು ತೋರಿಸಿದರೆ ಬಿಂಬ ದೂರದಿಂದ 0.4 ಕಳೆಯಬೇಕು. ಎರಡು ಬದಿಯ ತಿದ್ದುಪಡಿ ಸಮನಾಗಿ, ಚಿಹ್ನೆ ಮಾತ್ರ ವಿರುದ್ಧವಾಗಿ ಬಂದರೆ ತಪ್ಪು ಮಸೂರದ ಸ್ಟ್ಯಾಂಡಿನದು. ಒಂದೇ ಬದಿಯಲ್ಲಿ ಬಂದರೆ ಆ ಬದಿಯ ಸೂಜಿಯದು. ತಿದ್ದಿದ ಮೇಲೆ ನಮ್ಮ ಐದು ಉತ್ತರಗಳು 15.02, 14.97, 15.05, 14.96, 15.06 ಆಗುತ್ತವೆ. ಅಂತರ 0.43 ರಿಂದ 0.10 ಕ್ಕೆ ಇಳಿಯಿತು, ಮೆಟ್ಟಿಲೂ ಅಳಿಯಿತು. ಈಗ ಉಳಿದ ಏರುಪೇರು ಕಣ್ಣಿನದು.

ಕಡ್ಡಿ ಸಿಗದಿದ್ದರೆ ನಕ್ಷೆಯೂ ಇದನ್ನೇ ಹೇಳುತ್ತದೆ. ಅಡ್ಡಕ್ಕೆ 1/u, ಉದ್ದಕ್ಕೆ 1/v ಗುರುತಿಸಿ ಬಿಂದುಗಳ ನಡುವೆ ಸರಳರೇಖೆ ಎಳೆಯಬೇಕು. ಚಿಹ್ನಾ ಪದ್ಧತಿಯನ್ನು ಪಾಲಿಸಿದರೆ u ಋಣವಾದ್ದರಿಂದ ರೇಖೆ ಎಡಗಡೆಯ ಮೇಲಿನ ಕಾಲುಭಾಗದಲ್ಲಿ ಬಲಕ್ಕೆ ಏರುತ್ತದೆ. ದೂರಗಳ ಗಾತ್ರವನ್ನಷ್ಟೇ ತೆಗೆದುಕೊಂಡರೆ ಬಲಗಡೆಯ ಕಾಲುಭಾಗದಲ್ಲಿ ಇಳಿಯುತ್ತದೆ. ಒಂದು ಇನ್ನೊಂದರ ಕನ್ನಡಿ ಬಿಂಬ, ಯಾವುದಾದರೂ ಆದೀತು. ರೇಖೆ ಎರಡು ಅಕ್ಷಗಳನ್ನು ಕತ್ತರಿಸುವ ಉದ್ದ ಎರಡೂ 1/f ಆಗಿರಬೇಕು. ತಿದ್ದದ ಪಟ್ಟಿಯಿಂದ ರೇಖೆ ಎಳೆದರೆ ಒಂದು ಕಡೆಯಿಂದ 15.4, ಇನ್ನೊಂದು ಕಡೆಯಿಂದ 14.6 ಸಿಗುತ್ತದೆ. ಒಂದೇ ರೇಖೆಯಿಂದ ಎರಡು ಸಂಗಮ ದೂರ ಸಿಕ್ಕಿತೆಂದರೆ ಬುಡದ ಗುರುತುಗಳನ್ನು ಪರೀಕ್ಷಿಸಲೇಬೇಕು. ಅನೇಕರು ಎರಡರ ಸರಾಸರಿ ಬರೆದು ಮುಂದೆ ಹೋಗುತ್ತಾರೆ; ನಕ್ಷೆ ಬರೆಸುವುದೇ ಈ ಭೇದವನ್ನು ತೋರಿಸಲು ಎಂದು ನನಗನ್ನಿಸುತ್ತದೆ.

ಮಸೂರದ ನಡುಬಿಂದು ಎಲ್ಲಿದೆ ಎಂಬ ಪ್ರಶ್ನೆಯನ್ನೇ ಕೇಳದ ಇನ್ನೊಂದು ದಾರಿಯೂ ಇದೆ. ಅದಕ್ಕೆ ಜರ್ಮನ್ ಖಗೋಳ ವಿಜ್ಞಾನಿ ಫ್ರೀಡ್ರಿಕ್ ಬೆಸೆಲ್ ಹೆಸರಿದೆ. 61 ಸಿಗ್ನಿ ಎಂಬ ನಕ್ಷತ್ರದ ಪ್ಯಾರಲಾಕ್ಸನ್ನು ಅಳೆದು ಅದರ ದೂರವನ್ನು 1838 ರಲ್ಲಿ ಪ್ರಕಟಿಸಿದವರು ಅವರೇ. ಭೂಮಿ ತನ್ನ ಕಕ್ಷೆಯ ಈ ತುದಿಯಿಂದ ಆ ತುದಿಗೆ ಹೋದಾಗ ನಕ್ಷತ್ರ ಎಷ್ಟು ಸರಿದಂತೆ ಕಾಣುತ್ತದೆ ಎಂಬುದು ಅಲ್ಲಿನ ಅಳತೆ. ನಾವು ಸೂಜಿಯ ಮುಂದೆ ತಲೆ ಆಡಿಸಿ ನೋಡುವುದೂ ಅದನ್ನೇ. ಬೆಸೆಲ್ ವಿಧಾನದಲ್ಲಿ ಎರಡು ಸೂಜಿಗಳನ್ನು 80 ಸೆಂಟಿಮೀಟರ್ ಅಂತರದಲ್ಲಿ ಕದಲದಂತೆ ಇಟ್ಟು ಮಸೂರವನ್ನಷ್ಟೇ ಸರಿಸುತ್ತಾರೆ. ಎರಡು ಜಾಗಗಳಲ್ಲಿ ಬಿಂಬ ಸರಿಯಾಗಿ ಎರಡನೆಯ ಸೂಜಿಯ ಮೇಲೆ ಬೀಳುತ್ತದೆ, ಒಮ್ಮೆ ದೊಡ್ಡದಾಗಿ, ಒಮ್ಮೆ ಚಿಕ್ಕದಾಗಿ. ನಮ್ಮ ಬೆಂಚಿನಲ್ಲಿ ಗುರುತು ಮೊದಲು 19.6, ಆಮೇಲೆ 59.6 ಎಂದು ತೋರಿಸುತ್ತದೆ. ಎರಡರಲ್ಲೂ ಅದೇ 0.4 ರ ತಪ್ಪಿದೆ, ಆದರೆ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಹೊರಟುಹೋಗಿ ಚೊಕ್ಕ 40 ಉಳಿಯುತ್ತದೆ. ಸೂಜಿಗಳ ಅಂತರ D, ಮಸೂರ ಸರಿದ ದೂರ d ಆದರೆ f = (D² − d²)/4D. ಲೆಕ್ಕ ಹಾಕಿ: 6400 ರಲ್ಲಿ 1600 ಕಳೆದು 320 ರಿಂದ ಭಾಗಿಸಿದರೆ 15. ಸೂಜಿಗಳ ಅಂತರ ಸಂಗಮ ದೂರದ ನಾಲ್ಕು ಪಟ್ಟಿಗಿಂತ, ಇಲ್ಲಿ 60 ಕ್ಕಿಂತ, ಹೆಚ್ಚಿರಬೇಕು ಎಂಬುದೊಂದೇ ಷರತ್ತು. ಇಲ್ಲವಾದರೆ ಬಿಂಬ ಎಲ್ಲೂ ಸೂಜಿಯ ಮೇಲೆ ಬೀಳುವುದಿಲ್ಲ. ಸೂಜಿಗಳೇ ವಾಲಿದ್ದರೆ D ಯಲ್ಲಿ ತಪ್ಪು ಉಳಿದುಕೊಳ್ಳುತ್ತದೆ, ಅದಕ್ಕೆ ಈ ವಿಧಾನದಲ್ಲಿ ಮದ್ದಿಲ್ಲ.

ಎಲ್ಲ ತಿದ್ದಿದ ಮೇಲೆ ಉತ್ತರವನ್ನು 15.0 ಸೆಂಟಿಮೀಟರ್, ಹೆಚ್ಚು ಕಡಿಮೆ 0.1 ಎಂದು ಬರೆದರೆ ನ್ಯಾಯವಾದೀತು. ಕ್ಯಾಲ್ಕುಲೇಟರ್ ತೋರಿಸಿತೆಂದು 15.0127 ಎಂದು ಬರೆಯಲು ಆಧಾರವಿಲ್ಲ. ಅಲ್ಲಿಂದ ಮುಂದಕ್ಕೆ ಮಸೂರವೇ ತಡೆಯುತ್ತದೆ. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಸಾಮಾನ್ಯ ಕ್ರೌನ್ ಗಾಜಿನಲ್ಲಿ ಎರಡು ಬಣ್ಣಗಳ ಸಂಗಮ ದೂರದ ವ್ಯತ್ಯಾಸ ಸುಮಾರು ಅರವತ್ತರಲ್ಲಿ ಒಂದು ಪಾಲು. ನಮ್ಮ ಮಸೂರಕ್ಕೆ ಅದು ಎರಡೂವರೆ ಮಿಲಿಮೀಟರ್. ಬಿಂಬದ ಅಂಚಿನಲ್ಲಿ ಬಣ್ಣದ ಗೆರೆ ಕಾಣುವುದು ಇದರಿಂದಲೇ. ಕಣ್ಣು ಹಳದಿ ಹಸಿರನ್ನು ಹೆಚ್ಚು ಗಮನಿಸುವುದರಿಂದ ಅದರ ಸುತ್ತಲೇ ನಮ್ಮ ಉತ್ತರ ನಿಲ್ಲುತ್ತದೆ. ಇನ್ನೂ ಬಿಗಿಯಾದ ಬೆಲೆ ಬೇಕಾದವರು ಸೂಜಿಯ ಹಿಂದೆ ಸೋಡಿಯಂ ದೀಪ ಇಟ್ಟು ಒಂದೇ ಬಣ್ಣದಲ್ಲಿ ಅಳೆಯಬೇಕು. ಮಸೂರದ ಅಂಚಿನಿಂದ ಬರುವ ಕಿರಣಗಳು ನಡುವಿನಿಂದ ಬರುವ ಕಿರಣಗಳಿಗಿಂತ ಮುಂಚೆಯೇ ಕೂಡುವುದೂ ಇನ್ನೊಂದು ತೊಡಕು. ಕಪ್ಪು ಕಾಗದದ ಉಂಗುರ ಅಂಟಿಸಿ ಅಂಚನ್ನು ಮುಚ್ಚಿದರೆ ಅದು ಕಡಿಮೆಯಾಗುತ್ತದೆ. ಆದರೆ ತೆರೆದ ಭಾಗ 5 ಸೆಂಟಿಮೀಟರಿನಿಂದ ಎರಡೂವರೆಗೆ ಇಳಿದರೆ ಬೆಳಕಿನ ಶಂಕುವೂ ಅರ್ಧಕ್ಕೆ ಇಳಿಯುತ್ತದೆ, ಸೂಜಿಯನ್ನು ಗೊತ್ತಾಗದಂತೆ ಸರಿಸಬಹುದಾದ ದೂರ ಎರಡು ಪಟ್ಟಾಗುತ್ತದೆ.